ನೆರಿಗೆ ಹಿಂದೆ, ಸೆರಗು ಬಲಕ್ಕೆ: ಜಾಹೀರಾತಿನಲ್ಲಿ ಕೊಡವ ಮದುವೆ ತೋರಿಸುವವರಿಗೆ

ಕೆಲವು ವರ್ಷಗಳ ಹಿಂದೆ ಒಂದು ಒಡವೆ ಅಂಗಡಿಯ ಜಾಹೀರಾತಿಗೆ ನಾನು ಉಡುಪಿನ ಕೆಲಸ ಮಾಡಿದ್ದೆ. ‘ಕೊಡಗಿನ ವಧು’ ಅಂತ ಒಂದು ಫೋಟೋ ಬೇಕಿತ್ತು. ಕೆಂಪು ರೇಷ್ಮೆ ಸೀರೆ ತಂದೆವು, ತಲೆಗೆ ಕೆಂಪು ಮುಸುಕು ಹಾಕಿದೆವು. ನೆರಿಗೆಯನ್ನು ಎಲ್ಲ ಸೀರೆಗಳ ಹಾಗೆ ಮುಂದೆಯೇ ಸಿಕ್ಕಿಸಿದೆವು. ಸೊಂಟಕ್ಕೆ ಡಾಬು, ತೋಳಿಗೆ ವಂಕಿ, ಮೂಗಿಗೆ ದೊಡ್ಡ ನತ್ತು. ಪಕ್ಕದಲ್ಲಿ ನಿಂತ ಮದುಮಗನಿಗೆ ಕಪ್ಪು ಕುಪ್ಯ, ಅಂದರೆ ಕೊಡವ ಗಂಡಸರ ನಿಲುವಂಗಿ. ಫೋಟೋ ತುಂಬ ಚೆನ್ನಾಗಿ ಬಂದಿತ್ತು. ಬೋರ್ಡ್ ಏರಿದ ಮೂರನೇ ದಿನ ವಿರಾಜಪೇಟೆ ಕಡೆಯ ಗೆಳತಿಯೊಬ್ಬಳು ಫೋನ್ ಮಾಡಿದಳು. ‘ಇದ್ಯಾರ ಮದುವೆ?’ ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ಫೋಟೋದಲ್ಲಿದ್ದ ಹೆಣ್ಣು ಕೊಡವತಿಯೂ ಅಲ್ಲ, ಬೇರೆ ಯಾವ ಮನೆಯ ಮಗಳೂ ಅಲ್ಲ. ಬಾಡಿಗೆ ಒಡವೆಯ ಪೆಟ್ಟಿಗೆಯಲ್ಲಿ ಏನಿತ್ತೋ ಅದನ್ನೆಲ್ಲ ಹೇರಿಕೊಂಡು ನಿಂತವಳು, ಅಷ್ಟೇ.

ಎರಡು ವರ್ಷ ಬಿಟ್ಟು ಇನ್ನೊಂದು ಅಂಗಡಿಯವರು ಅದೇ ವಿಷಯಕ್ಕೆ ಮೂವತ್ತು ಸೆಕೆಂಡಿನ ಚಿತ್ರ ಬೇಕು ಅಂದರು. ಆ ಸಲ ನಾನು ಕೆಲಸವನ್ನು ಬೇರೆ ರೀತಿ ಶುರು ಮಾಡಿದೆ. ಆಗ ಹೆಜ್ಜೆ ಹೆಜ್ಜೆಯಾಗಿ ಏನು ಮಾಡಿದೆವು, ಎಲ್ಲಿ ಎಡವುತ್ತಿದ್ದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊಡವ ಉಡುಗೆಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಕರ್ನಾಟಕದ ಜಾಹೀರಾತುಗಳಲ್ಲಿ ಇಷ್ಟು ಜಾಸ್ತಿ ಕಾಣಿಸಿಕೊಂಡು, ಇಷ್ಟು ಜಾಸ್ತಿ ತಪ್ಪಾಗುವ ಉಡುಗೆ ಬೇರೊಂದನ್ನು ನಾನು ನೋಡಿಲ್ಲ.

ಮೊದಲು: ಯಾರ ಮನೆ, ಯಾವ ದಿನ

ಸ್ಕ್ರಿಪ್ಟಿನಲ್ಲಿ ‘ಕೊಡಗಿನ ಮದುವೆ’ ಅಂತ ಬರೆದಿತ್ತು. ಕೆಲಸ ಇಲ್ಲಿಂದಲೇ ಶುರುವಾಗಬೇಕು. ಕೊಡಗು ಒಂದು ಜಿಲ್ಲೆ. ಅಲ್ಲಿ ಕೊಡವರಿದ್ದಾರೆ, ಅರೆಭಾಷೆ ಗೌಡರಿದ್ದಾರೆ, ಅಮ್ಮ ಕೊಡವರು, ಹೆಗ್ಗಡೆಯವರು, ಯರವರು, ಜೇನುಕುರುಬರು, ಮಾಪಿಳ್ಳೆಯವರು, ಇನ್ನೂ ಹಲವರಿದ್ದಾರೆ. ಅರೆಭಾಷೆ ಗೌಡರೂ ಕುಪ್ಯ ತೊಟ್ಟು ಸೊಂಟಕ್ಕೆ ಚೇಲೆ ಅನ್ನುವ ಪಟ್ಟಿ ಕಟ್ಟುತ್ತಾರೆ, ಅವರ ಹೆಣ್ಣುಮಕ್ಕಳೂ ಹಿಂದೆ ನೆರಿಗೆ ಬರುವ ಹಾಗೆ ಸೀರೆ ಉಡುತ್ತಾರೆ. ಆದರೆ ಅವರ ಭಾಷೆ ಬೇರೆ, ಮದುವೆಯ ಶಾಸ್ತ್ರಗಳು ಬೇರೆ. ಉಡುಗೆ ಒಂದೇ ಥರ ಕಾಣುತ್ತದೆ ಅಂತ ಒಬ್ಬರ ಬಟ್ಟೆಗೆ ಇನ್ನೊಬ್ಬರ ಶಾಸ್ತ್ರ ಹೊಲಿದರೆ ಎರಡೂ ಮನೆಯವರಿಗೆ ಬೇಸರವಾಗುತ್ತದೆ.

ಅದಕ್ಕೆ ಕಾಗದದ ಮೇಲೆ ಒಂದು ಸಾಲು ಬರೆಯಿರಿ: ಯಾವ ಸಮುದಾಯ, ಯಾವ ಶಾಸ್ತ್ರ, ಎಲ್ಲಿ ನಡೆಯುತ್ತಿದೆ, ಚಿತ್ರದಲ್ಲಿರುವ ಒಬ್ಬೊಬ್ಬರೂ ಮದುಮಗಳಿಗೆ ಏನಾಗಬೇಕು. ನಮ್ಮದು ಹೀಗಿತ್ತು: ಕೊಡವ ಮದುವೆ, ಇಂದಿನ ಕಾಲ, ಕುಟುಂಬದ ಮೂಲಮನೆಯಾದ ಐನ್‌ಮನೆ, ಮದುಮಗಳು, ಅವಳ ಅವ್ವ, ಮದುವೆಯಾಗದ ತಂಗಿ, ಮದುಮಗ, ಬಂಧುಗಳು. ‘ಮದುವೆಯಾಗದ ತಂಗಿ’ ಅನ್ನುವುದನ್ನು ಯಾಕೆ ಬರೆದುಕೊಳ್ಳಬೇಕು ಅನ್ನುವುದು ಒಡವೆಯ ಮಾತು ಬಂದಾಗ ಗೊತ್ತಾಗುತ್ತದೆ.

ಹೆಸರನ್ನೂ ಈಗಲೇ ನೋಡಿಕೊಳ್ಳಿ. ಕೊಡವರಲ್ಲಿ ಒಕ್ಕದ ಹೆಸರು, ಅಂದರೆ ಮನೆತನದ ಹೆಸರು, ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಹೆಸರಿನ ಮೊದಲ ‘ಕೆ’ ಕೊಡಂದೇರ ಅನ್ನುವ ಒಕ್ಕ. ಲಗ್ನಪತ್ರಿಕೆ ಅಥವಾ ಮದುವೆ ಬೋರ್ಡ್ ಚಿತ್ರದಲ್ಲಿ ಕಾಣುವುದಿದ್ದರೆ ಒಕ್ಕದ ಹೆಸರನ್ನು ಕೊನೆಗೆ ಹಾಕಬೇಡಿ. ನಿಜವಾದ ಒಂದು ಒಕ್ಕದ ಹೆಸರನ್ನು ಕೇಳದೆ ಬಳಸಲೂ ಬೇಡಿ. ಆ ಹೆಸರಿನ ಹಿಂದೆ ಒಂದು ಐನ್‌ಮನೆ, ಒಂದಿಡೀ ಕುಟುಂಬ ಇರುತ್ತದೆ.

ತಿಳಿದವರನ್ನು ಯಾವಾಗ ಕರೆಯಬೇಕು

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಶೂಟಿಂಗ್ ದಿನ ಬೆಳಿಗ್ಗೆ ‘ಸೀರೆ ಉಡಿಸೋಕೆ ಗೊತ್ತಿರೋರು ಯಾರಾದ್ರೂ ಬೇಕು’ ಅಂತ ಒಬ್ಬರನ್ನು ಕರೆಸುತ್ತಾರೆ. ಅಷ್ಟು ಹೊತ್ತಿಗೆ ಕಥೆ ಬದಲಾಯಿಸುವ ಹಾಗಿರುವುದಿಲ್ಲ. ಹೋಮಕುಂಡ ಕಟ್ಟಿ ಆಗಿರುತ್ತದೆ. ಬಂದವರು ಸೀರೆ ಸರಿಯಾಗಿ ಉಡಿಸಿ, ಹೋಮಕುಂಡ ನೋಡಿ, ಏನೂ ಹೇಳಲಾಗದೆ ಕೂತಿರುತ್ತಾರೆ.

ನಾವು ಮೂರು ಸಲ ಕರೆದೆವು. ಸ್ಕ್ರಿಪ್ಟ್ ಬರೆಯುವಾಗ ಒಂದು ಸಲ, ಉಡುಪು ಹಾಕಿ ನೋಡುವ ದಿನ ಒಂದು ಸಲ, ಎಡಿಟಿಂಗ್ ಆದ ಮೇಲೆ ಒಂದು ಸಲ. ಅಮ್ಮತ್ತಿ ಕಡೆಯ ಒಬ್ಬ ಹಿರಿಯರು, ಎಪ್ಪತ್ತು ದಾಟಿದವರು, ಒಪ್ಪಿಕೊಂಡರು. ಅವರ ಮೂರೂ ದಿನಕ್ಕೆ ಸಂಭಾವನೆಯನ್ನು ಬಜೆಟ್‌ನಲ್ಲಿ ಮೊದಲೇ ಇಟ್ಟಿದ್ದೆವು. ನಿಮಗೆ ಪರಿಚಯದವರು ಇಲ್ಲದಿದ್ದರೆ ಬೆಂಗಳೂರಿನ ವಸಂತನಗರದಲ್ಲಿ ಕೊಡವ ಸಮಾಜ ಇದೆ, ಮಡಿಕೇರಿಯಲ್ಲಿ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ ಇದೆ. ಅರೆಭಾಷೆಯವರ ಮದುವೆಯಾದರೆ ಅವರದೇ ಅಕಾಡೆಮಿಯೂ ಮಡಿಕೇರಿಯಲ್ಲೇ ಇದೆ.

ಮಾದರಿಗೆ ಇಂಟರ್‌ನೆಟ್ಟಿನ ಫೋಟೋ ಬೇಡ. ಅಲ್ಲಿ ಸಿಗುವ ‘ಕೂರ್ಗ್ ಬ್ರೈಡ್’ ಚಿತ್ರಗಳಲ್ಲಿ ಎಷ್ಟೋ ನಮ್ಮಂಥವರೇ ತಪ್ಪಾಗಿ ತೆಗೆದ ಜಾಹೀರಾತುಗಳು. ಒಂದೇ ಕುಟುಂಬದ ಮದುವೆ ಆಲ್ಬಮ್ ಕೇಳಿ ನೋಡಿ. ಒಂದು ಮದುವೆಯನ್ನು ಮೊದಲಿಂದ ಕೊನೆಯವರೆಗೆ ನೋಡಿದರೆ ಯಾವುದರ ಜೊತೆ ಯಾವುದು ಬರುತ್ತದೆ ಅನ್ನುವುದು ಕಣ್ಣಿಗೆ ಕೂರುತ್ತದೆ.

ಸೀರೆ

ಸೀರೆ ಸಾಮಾನ್ಯ ಸೀರೆಯೇ. ಉಡುವ ಕ್ರಮ ಮಾತ್ರ ಬೇರೆ. ನೆರಿಗೆ ಹಿಡಿದು ಹಿಂದೆ ಸೊಂಟಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ಸೆರಗನ್ನು ಎಡ ಕಂಕುಳ ಕೆಳಗಿನಿಂದ ಮುಂದಕ್ಕೆ ತಂದು, ಎದೆಯನ್ನು ಪೂರ್ತಿ ಮುಚ್ಚಿ, ಬಲ ಭುಜದ ಮೇಲೆ ಭದ್ರ ಮಾಡುತ್ತಾರೆ. ಭುಜದ ಮೇಲೆ ಗಂಟು ಹಾಕಬಹುದು, ಈಗ ಹೆಚ್ಚಿನವರು ಬ್ರೋಚ್ ಅಥವಾ ಪಿನ್ ಹಾಕುತ್ತಾರೆ. ಮುಂಭಾಗ ಸಪಾಟಾಗಿ, ಬಿಗಿಯಾಗಿ ಕಾಣಬೇಕು. ಮುಂದೆ ನೆರಿಗೆಯ ಗುಪ್ಪೆ ಕಂಡರೆ, ಅಥವಾ ಸೆರಗು ಎಡ ಭುಜದಿಂದ ಹಿಂದಕ್ಕೆ ಇಳಿಬಿದ್ದಿದ್ದರೆ, ಅದು ಕೊಡವ ಉಡುಗೆ ಅಲ್ಲ.

ನೆರಿಗೆ ಹಿಂದೆ ಯಾಕೆ ಅನ್ನುವುದಕ್ಕೆ ಕೊಡಗಿನಲ್ಲಿ ಒಂದು ಕಥೆ ಹೇಳುತ್ತಾರೆ. ಕಾವೇರಿ ನದಿಯಾಗಿ ಹರಿದು ಹೊರಟಾಗ ಬಲಮುರಿಯಲ್ಲಿ ಜನ ಅವಳನ್ನು ತಡೆಯಲು ನಿಂತರಂತೆ. ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಮುಂದಿನಿಂದ ಹಿಂದಕ್ಕೆ ಸರಿಯಿತಂತೆ. ಆ ಹಿರಿಯರು ಇದನ್ನು ನಮ್ಮ ಛಾಯಾಗ್ರಾಹಕನಿಗೆ ಹೇಳಿದರು. ಹೇಳಿ, ‘ಮುಂದೆ ನೆರಿಗೆ ಇಟ್ಟರೆ ಕಾವೇರಿ ನಮ್ಮೂರಿಗೆ ಬರಲೇ ಇಲ್ಲ ಅಂದ ಹಾಗೆ, ಅಲ್ವಾ ಮಗಾ?’ ಅಂದರು. ಆಮೇಲೆ ಆತ ಒಂದು ಶಾಟ್‌ನಲ್ಲಿ ಕ್ಯಾಮೆರಾವನ್ನು ಮದುಮಗಳ ಹಿಂದೆ ಇಟ್ಟ. ಅದೇ ಸರಿ. ಈ ಸೀರೆಯ ಮುಖ್ಯ ಭಾಗ ಹಿಂದಿರುವಾಗ ಮುಂದಿನಿಂದ ಮಾತ್ರ ತೋರಿಸುವುದೇ ಒಂದು ಕೊರತೆ.

ಉಡಿಸುವವರಿಗೆ ಒಂದು ಕಿವಿಮಾತು. ರೂಢಿ ಇಲ್ಲದ ಮಾಡೆಲ್ ಕುರ್ಚಿಯಲ್ಲಿ ಒರಗಿ ಕೂತರೆ ಹಿಂದಿನ ನೆರಿಗೆ ಹಿಸುಕಿ ಹರಡಿಹೋಗುತ್ತದೆ. ಶಾಟ್‌ಗಳ ನಡುವೆ ಒರಗದೆ ಕೂರಲು ಒಂದು ಮಣೆಯೋ ಸ್ಟೂಲೋ ಕೊಡಿ. ರವಿಕೆ ತೋಳಿಲ್ಲದ್ದು, ಬೆನ್ನು ತೆರೆದದ್ದು ಬೇಡ. ಹಳೆಯ ಕ್ರಮದಲ್ಲಿ ತೋಳುದ್ದದ ರವಿಕೆಯೇ ಇತ್ತು. ಹಿರಿಯ ಹೆಂಗಸರ ಪಾತ್ರಗಳಿದ್ದರೆ ತಲೆಗೆ ಕಟ್ಟುವ ವಸ್ತ್ರವನ್ನು ಮರೆಯಬೇಡಿ. ಅದು ಒಂದು ಚೌಕ, ಹಿಂದೆ ಗಂಟು ಬರುತ್ತದೆ. ಮದುಮಗಳ ಕೆಂಪು ಮುಸುಕು ಬೇರೆ, ಈ ವಸ್ತ್ರ ಬೇರೆ. ಒಂದರ ಬದಲು ಇನ್ನೊಂದು ಬಳಸಬಾರದು.

ಕುಪ್ಯ

ಕುಪ್ಯ ಮೊಣಕಾಲಿನವರೆಗೆ ಬರುವ, ಅರ್ಧ ತೋಳಿನ ನಿಲುವಂಗಿ. ಒಳಗೆ ತುಂಬು ತೋಳಿನ ಬಿಳಿ ಶರ್ಟ್ ಇರುತ್ತದೆ, ಅದರ ತೋಳು ಕುಪ್ಯದ ತೋಳಿನಿಂದ ಹೊರಗೆ ಕಾಣುತ್ತದೆ. ಸೊಂಟಕ್ಕೆ ಚೇಲೆ. ಅದು ಜರಿ ಕೆಲಸವಿರುವ ಕೆಂಪು ರೇಷ್ಮೆಯ ಪಟ್ಟಿ. ಮುಂದೆ ಚೇಲೆಯಲ್ಲಿ ಸಿಕ್ಕಿಸುವುದು ಪೀಚೆಕತ್ತಿ, ಬೆಳ್ಳಿ ಬಂಗಾರದ ಕೆಲಸವಿರುವ ಸಣ್ಣ ಕತ್ತಿ. ಅಗಲ ಅಲಗಿನ, ಬಾಗಿದ ದೊಡ್ಡ ಕತ್ತಿ ಒಡಿಕತ್ತಿ. ಅದು ಬೆನ್ನ ಹಿಂದೆ, ತೊಡಂಗ್ ಅನ್ನುವ ಹಿತ್ತಾಳೆಯ ಹಿಡಿಕೆಯಲ್ಲಿ ಇರುತ್ತದೆ. ತಲೆಗೆ ಮಂಡೆತುಣಿ, ಮೇಲ್ಭಾಗ ಚಪ್ಪಟೆಯಾಗಿರುವ ಪೇಟ.

ಇಲ್ಲಿ ಆಗುವ ದೊಡ್ಡ ತಪ್ಪು ಬಣ್ಣದ್ದು. ಮದುಮಗನ ಕುಪ್ಯ ಬಿಳಿ. ನೆಂಟರದು ಕಪ್ಪು. ನಮ್ಮ ಮೊದಲ ಜಾಹೀರಾತಿನಲ್ಲಿ ಮದುಮಗನಿಗೇ ಕಪ್ಪು ಹಾಕಿ, ನೋಡುವವರ ಕಣ್ಣಿಗೆ ಅವನನ್ನು ನೆಂಟನನ್ನಾಗಿ ಮಾಡಿದ್ದೆವು. ‘ಬಿಳಿ ಬ್ಯಾಕ್‌ಗ್ರೌಂಡಿನಲ್ಲಿ ಬಿಳಿ ಕಾಣಲ್ಲ’ ಅಂತ ಛಾಯಾಗ್ರಾಹಕರು ಹೇಳುತ್ತಾರೆ. ಹಾಗಿದ್ದರೆ ಬದಲಾಯಿಸಬೇಕಾದ್ದು ಗೋಡೆ.

ಪೇಟವೂ ಹಾಗೆಯೇ. ಬಾಡಿಗೆ ಅಂಗಡಿಯಲ್ಲಿ ಮಂಡೆತುಣಿ ಸಿಗದಿದ್ದರೆ ಮೈಸೂರು ಪೇಟ ಹಾಕಿ ಮುಗಿಸುತ್ತಾರೆ. ಎರಡರ ಆಕಾರ ಬೇರೆ ಬೇರೆ, ದೂರದಿಂದಲೂ ಗೊತ್ತಾಗುತ್ತದೆ. ಇಂದಿನ ಮದುವೆಗಳಲ್ಲಿ ಕುಪ್ಯವನ್ನು ಪ್ಯಾಂಟಿನ ಮೇಲೆ ತೊಡುವುದೇ ಜಾಸ್ತಿ. ಕೆಳಗೆ ಜರಿ ಪಂಚೆಯ ಕಚ್ಚೆ ಇಳಿಬಿಟ್ಟರೆ ಎರಡು ಊರಿನ ಉಡುಗೆ ಒಂದೇ ಮೈಮೇಲೆ ಸೇರಿದಂತಾಗುತ್ತದೆ. ಸಾಧ್ಯವಾದರೆ ಕುಪ್ಯವನ್ನು ವಿರಾಜಪೇಟೆ, ಗೋಣಿಕೊಪ್ಪ ಅಥವಾ ಮಡಿಕೇರಿಯ ದರ್ಜಿಗಳ ಹತ್ತಿರ ನಟನ ಅಳತೆಗೆ ಹೊಲಿಸಿ. ನಾಟಕದ ಅಂಗಡಿಯ ಕುಪ್ಯ ಸಾಮಾನ್ಯವಾಗಿ ಕಾಲ್ಬೆರಳವರೆಗೆ ಇಳಿದು ಕೋಟಿನ ಬದಲು ಜುಬ್ಬಾದ ಥರ ಕಾಣುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಕುಪ್ಯ ಚೇಲೆ ಹಬ್ಬ, ಮದುವೆ, ದೇವಕಾರ್ಯಕ್ಕೆ ತೊಡುವ ಮರ್ಯಾದೆಯ ಉಡುಗೆ. ಅದನ್ನು ಹೋಟೆಲ್ ಬಾಗಿಲಲ್ಲಿ ಸಲಾಂ ಹೊಡೆಯುವವರಿಗೆ, ತಟ್ಟೆ ಹಿಡಿದು ಬಡಿಸುವವರಿಗೆ ಸಮವಸ್ತ್ರದ ಹಾಗೆ ತೊಡಿಸಿದ್ದಕ್ಕೆ ಕೊಡಗಿನಲ್ಲಿ ವಿರೋಧ ಬಂದಿದೆ. ರೆಸಾರ್ಟ್ ಜಾಹೀರಾತು ಮಾಡುವವರು ಇದನ್ನು ಮೊದಲೇ ತಿಳಿದಿರಬೇಕು. ಹೊಲಿಗೆ ಸರಿಯಿದ್ದರೂ, ಕತ್ತಿ ಸರಿಯಾದ ಜಾಗದಲ್ಲಿದ್ದರೂ, ತೊಟ್ಟ ಸಂದರ್ಭ ತಪ್ಪಾದರೆ ಉಡುಗೆ ತಪ್ಪಾದ ಹಾಗೆಯೇ.

ಒಡವೆ: ಪತ್ತಾಕ್ ಯಾರ ಕೊರಳಲ್ಲಿ

ಒಡವೆ ಅಂಗಡಿಯ ಜಾಹೀರಾತು ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ಕಳೆದೆವು. ಮೂರು ಒಡವೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಅರ್ಧ ಕೆಲಸ ಆಯಿತು.

ಜೋಮಾಲೆ ಬಂಗಾರದ ಗುಂಡುಗಳ ಸರ. ಗುಂಡುಗಳು ಟೊಳ್ಳು, ಒಳಗೆ ಅರಗು ತುಂಬಿರುತ್ತಾರೆ. ಅದಕ್ಕೇ ದಪ್ಪವಾಗಿ ಕಂಡರೂ ಹಗುರ. ಕೊಕ್ಕೆತಾತಿಯಲ್ಲಿ ಅರ್ಧಚಂದ್ರದ ಆಕಾರದ ಪದಕ ಇರುತ್ತದೆ, ಕೆಂಪು ಕಲ್ಲುಗಳನ್ನು ಕೂರಿಸಿರುತ್ತಾರೆ. ಪತ್ತಾಕ್ ನಾಣ್ಯದ ಪದಕ. ಬಂಗಾರದ ನಾಣ್ಯದ ಸುತ್ತ ಕೆಂಪು ಕಲ್ಲು, ಮೇಲೆ ನಾಗರಹೆಡೆ.

ಕೊಕ್ಕೆತಾತಿಯ ಚಂದ್ರ ಬಟ್ಟಲಿನ ಹಾಗೆ ಕೆಳಗೆ ಬಾಗಿ, ತುದಿಗಳು ಮೇಲಕ್ಕೆ ಇರಬೇಕು. ಸರ ತಿರುಚಿಕೊಂಡು ಅದು ಪಕ್ಕಕ್ಕೆ ವಾಲುವುದು ಶೂಟಿಂಗ್‌ನಲ್ಲಿ ಪದೇ ಪದೇ ಆಗುತ್ತದೆ. ಸೆರಗು ಎದೆಯ ಮೇಲೆ ಅಡ್ಡ ಬರುವುದರಿಂದ ಪದಕ ಅದರ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಟೇಕ್‌ಗೆ ಮುಂಚೆ ಒಬ್ಬರು ಅದನ್ನು ನೋಡಲೇಬೇಕು. ಪದಕದ ಹಿಂಭಾಗದಲ್ಲಿ ಸಣ್ಣದೊಂದು ಎರಡು ಬದಿ ಅಂಟುವ ಟೇಪ್ ಹಚ್ಚಿದರೆ ಸರಿಯಾಗಿ ನಿಲ್ಲುತ್ತದೆ.

ಪತ್ತಾಕ್ ವಿಷಯಕ್ಕೆ ಬಂದರೆ ಅಂದದ ಲೆಕ್ಕ ಸಾಲುವುದಿಲ್ಲ. ಅದು ಮದುವೆಯಾದ ಹೆಂಗಸಿನ ಗುರುತು. ಕರಿಮಣಿಯ ಸರದಲ್ಲಿ ಬಂದಾಗ ಅದನ್ನು ಕರ್ತಮಣಿ ಪತ್ತಾಕ್ ಅನ್ನುತ್ತಾರೆ. ಅದನ್ನು ಮದುಮಗಳ ಕೊರಳಿಗೆ ಕಟ್ಟುವವಳು ಅವಳ ಅವ್ವ, ಮುಹೂರ್ತಕ್ಕೆ ಮೊದಲೇ. ಮದುಮಗ ಕಟ್ಟುವುದಲ್ಲ. ಅಂಗಡಿಯವರು ‘ತಂಗಿ ಪಾತ್ರದ ಹುಡುಗಿಗೂ ಒಂದು ಪತ್ತಾಕ್ ಹಾಕಿ, ಹೊಸ ಡಿಸೈನ್ ಇದೆ’ ಅಂದಿದ್ದರು. ಹಿರಿಯರು ಅಲ್ಲೇ ತಡೆದರು. ತಂಗಿಗೆ ಜೋಮಾಲೆ ಮಾತ್ರ ಹಾಕಿದೆವು. ಮೊದಲು ಬರೆದುಕೊಂಡ ‘ಮದುವೆಯಾಗದ ತಂಗಿ’ ಅನ್ನುವ ಸಾಲು ಕೆಲಸಕ್ಕೆ ಬಂದಿದ್ದು ಇಲ್ಲಿ.

ಬಾಡಿಗೆಗೆ ಸಿಗುವ ಬ್ರೈಡಲ್ ಸೆಟ್‌ನಲ್ಲಿ ಬರುವ ಡಾಬು, ವಂಕಿ, ದೊಡ್ಡ ನತ್ತು ಈ ಉಡುಗೆಯ ಜೊತೆಗಾರರಲ್ಲ. ಅಂಗಡಿಯವರಿಗೆ ಅವನ್ನೂ ಮಾರಬೇಕಿದ್ದರೆ ಬೇರೆ ಚಿತ್ರ ತೆಗೆಯಲಿ. ನಾವು ಹಾಗೇ ಹೇಳಿದೆವು, ಅವರು ಒಪ್ಪಿದರು. ಚಿಲ್ಲರೆ ಒಡವೆ ಕಡಿಮೆಯಾದಷ್ಟೂ ಪತ್ತಾಕ್ ಎದ್ದು ಕಾಣುತ್ತಿತ್ತು.

ಶಾಸ್ತ್ರ: ಸ್ಕ್ರಿಪ್ಟನ್ನು ತಿದ್ದಿದ ಬಗೆ

ನಮ್ಮ ಕೈಗೆ ಬಂದ ಸ್ಕ್ರಿಪ್ಟಿನಲ್ಲಿ ಐದು ಶಾಟ್ ಇದ್ದವು. ಅಂಗಳದಲ್ಲಿ ನಾದಸ್ವರ, ಸಂಭ್ರಮಕ್ಕೆ ಗಾಳಿಯಲ್ಲಿ ಎರಡು ಗುಂಡು. ಕನ್ನಡಿ ಮುಂದೆ ಮದುಮಗಳ ಅಲಂಕಾರ. ಪುರೋಹಿತರ ಮಂತ್ರದ ನಡುವೆ ಮದುಮಗ ತಾಳಿ ಕಟ್ಟುವುದು. ಅಗ್ನಿಯ ಸುತ್ತ ಸಪ್ತಪದಿ. ಕೊನೆಗೆ ಎಲ್ಲರೂ ಒಟ್ಟಿಗೆ ಅಕ್ಷತೆ ಎಸೆಯುವುದು, ಅಂಗಡಿಯ ಹೆಸರು.

ಹಿರಿಯರು ಕನ್ನಡಕ ಹಾಕಿಕೊಂಡು ಓದಿದರು. ಮೊದಲ ಸಾಲಿಗೇ ನಿಂತರು. ‘ಎರಡು ಗುಂಡು ಯಾಕೆ ಹೊಡೆದಿರಿ?’ ಅಂತ ಕೇಳಿದರು. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುತ್ತಿದ್ದರು. ಎರಡು ಗುಂಡು ಸಾವಿನ ಸುದ್ದಿ. ಮದುವೆಯ ಮನೆಯ ಅಂಗಳದಲ್ಲಿ ನಾವು ಸಾವಿನ ಸದ್ದು ಇಟ್ಟಿದ್ದೆವು. ಸೌಂಡ್ ಮಾಡುವವರಿಗೆ ಅದು ಬರೀ ಎಫೆಕ್ಟ್. ಅಲ್ಲಿಯವರಿಗೆ ಕೇಳಿದ ಕೂಡಲೇ ಎದೆ ಧಸಕ್ ಅನ್ನುವ ಸದ್ದು. ಉಡುಗೆಯನ್ನು ನೂರು ಸಲ ನೋಡಿದರೂ ಇದು ಸಿಗುತ್ತಿರಲಿಲ್ಲ. ಅದಕ್ಕೇ ಸ್ಕ್ರಿಪ್ಟನ್ನು ಜೋರಾಗಿ ಓದಿಸಿ, ಸದ್ದುಗಳನ್ನೂ ಸೇರಿಸಿ.

ತಾಳಿ ಮತ್ತು ಸಪ್ತಪದಿಯ ಎರಡು ಶಾಟ್ ಪೂರ್ತಿ ಬಿದ್ದುಹೋದವು. ಕೊಡವರ ಸಾಂಪ್ರದಾಯಿಕ ಮದುವೆಯಲ್ಲಿ ಪುರೋಹಿತರಿಲ್ಲ, ಅಗ್ನಿಸಾಕ್ಷಿ ಇಲ್ಲ, ಸಪ್ತಪದಿ ಇಲ್ಲ. ಆಶೀರ್ವಾದ ಕೊಡುವುದು ಮನೆಯ ಹಿರಿಯರು ಮತ್ತು ಬಂದ ನೆಂಟರು. ಮದುಮಕ್ಕಳನ್ನು ಮುಕ್ಕಾಲಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸುತ್ತಾರೆ. ಒಬ್ಬೊಬ್ಬರೇ ಹತ್ತಿರ ಬಂದು ಅಕ್ಕಿಯನ್ನು ಮೊಣಕಾಲು, ಭುಜ, ತಲೆಯ ಮೇಲೆ ಹಾಕುತ್ತಾರೆ. ಮೂತಿಯಿರುವ ಗಿಂಡಿಯಿಂದ ಒಂದು ಗುಟುಕು ಹಾಲು ಕುಡಿಸುತ್ತಾರೆ. ಕೈಗೆ ಒಂದು ನಾಣ್ಯವನ್ನೋ ದುಡ್ಡನ್ನೋ ಕೊಡುತ್ತಾರೆ. ಮೊದಲು ಬರುವವಳು ತಾಯಿ. ಸಭೆಯಲ್ಲಿ ಕೂತಲ್ಲಿಂದಲೇ ಎಲ್ಲರೂ ಒಮ್ಮೆಲೇ ಎಸೆಯುವ ಅಕ್ಷತೆ ಇದಲ್ಲ.

ಹೀಗೆ ತಿದ್ದಿದ ಮೇಲೆ ಚಿತ್ರ ಬೇರೆಯೇ ಆಯಿತು. ಮೊದಲ ಐದು ಸೆಕೆಂಡು ಅಂಗಳ, ಕೊಡಗಿನ ವಾಲಗ. ಗುಂಡು ತೆಗೆದೆವು. ಮುಂದಿನ ಹತ್ತು ಸೆಕೆಂಡು ಒಳಗಿನ ಕೋಣೆ. ಮದುಮಗಳು ನಿಂತಿದ್ದಾಳೆ, ಕ್ಯಾಮೆರಾ ಹಿಂದಿದೆ, ನೆರಿಗೆ ಕಾಣುತ್ತದೆ. ಅವ್ವ ಬಂದು ಪತ್ತಾಕ್ ಕಟ್ಟುತ್ತಾಳೆ. ಕೊಂಡಿ ಸಿಕ್ಕಿಸಲು ಅವಳ ಬೆರಳು ಸ್ವಲ್ಪ ಒದ್ದಾಡುತ್ತದೆ, ಆಮೇಲೆ ಸಿಕ್ಕುತ್ತದೆ. ಅಂಗಡಿಯವರಿಗೆ ಬೇಕಾದ ಒಡವೆ ಅಲ್ಲಿ ನಿಧಾನವಾಗಿ, ಹತ್ತಿರದಿಂದ ಕಾಣುತ್ತದೆ. ತಾಳಿ ಕಟ್ಟುವ ಶಾಟ್‌ನಲ್ಲಿ ಅದು ಒಂದೂವರೆ ಸೆಕೆಂಡು ಕೂಡ ಕಾಣುತ್ತಿರಲಿಲ್ಲ.

ಆಮೇಲೆ ಏಳು ಸೆಕೆಂಡು ಮುಹೂರ್ತ: ಅಕ್ಕಿ, ಹಾಲು, ನಾಣ್ಯ. ಮೂರನ್ನೂ ಒಬ್ಬರೇ ಅಜ್ಜಿಯ ಕೈಯಲ್ಲಿ ತೋರಿಸಿದೆವು. ಮೂವರು ಬೇರೆ ಬೇರೆ ಜನರಿಂದ ಚೂರು ಚೂರಾಗಿ ತೋರಿಸಿದ್ದರೆ ಕ್ರಮ ಅರ್ಥವಾಗುತ್ತಿರಲಿಲ್ಲ. ಸಪ್ತಪದಿಯ ಜಾಗಕ್ಕೆ ಗಂಗಾಪೂಜೆ ಬಂತು. ಮದುಮಗಳು ಬಾವಿಯಲ್ಲಿ ಪೂಜೆ ಮಾಡಿ, ನೀರು ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ಮನೆಗೆ ನಡೆಯುತ್ತಾಳೆ. ಮದುಮಗನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ಅವಳ ದಾರಿಗೆ ಅಡ್ಡ ನಿಲ್ಲುತ್ತಾರೆ. ನಿಜವಾದ ಮದುವೆಯಲ್ಲಿ ಇದು ಗಂಟೆಗಟ್ಟಲೆ ನಡೆಯುವುದುಂಟು, ಕೊಡ ಹೊತ್ತ ಹುಡುಗಿಗೆ ದೊಡ್ಡ ಪರೀಕ್ಷೆಯೇ. ನಮಗೆ ಎಂಟು ಸೆಕೆಂಡು ಇತ್ತು. ಅದರ ಮೇಲೇ ಅಂಗಡಿಯ ಹೆಸರು ಬಂತು.

ಬಾಳೆಬಿರುದನ್ನೂ ಸೇರಿಸೋಣ ಅಂತ ನಿರ್ದೇಶಕರಿಗೆ ಆಸೆ ಇತ್ತು. ನೆಟ್ಟ ಬಾಳೆಕಂಬವನ್ನು ಒಡಿಕತ್ತಿಯಿಂದ ಒಂದೇ ಏಟಿಗೆ ಕಡಿಯುವ ಗೌರವದ ಶಾಸ್ತ್ರ ಅದು. ನೋಡಲು ಭರ್ಜರಿಯಾಗಿರುತ್ತದೆ. ಆದರೆ ಯಾರು ಕಡಿಯಬೇಕು ಅನ್ನುವುದು ಸಂಬಂಧದ ಮೇಲೆ ನಿಂತಿದೆ, ಸುಮ್ನೆ ಯಾರೋ ಒಬ್ಬ ನಟ ಬಂದು ಕಡಿಯುವ ಹಾಗಿಲ್ಲ. ಮೂವತ್ತು ಸೆಕೆಂಡಿನಲ್ಲಿ ಆ ಸಂಬಂಧ ತೋರಿಸಲು ಜಾಗ ಇರಲಿಲ್ಲ. ಬಿಟ್ಟೆವು. ಜಾಗವಿಲ್ಲದ ಶಾಸ್ತ್ರವನ್ನು ಮೊಟಕು ಮಾಡಿ ತೋರಿಸುವುದಕ್ಕಿಂತ ಬಿಡುವುದು ಮೇಲು. ನೀವು ಅದನ್ನು ತೆಗೆಯುವುದಾದರೆ ರಿಹರ್ಸಲ್‌ಗೆ ಮರದ ಕತ್ತಿ ಬಳಸಿ. ಒಡಿಕತ್ತಿಯ ಅಲಗು ನಿಜವಾಗಿಯೂ ಹರಿತ.

ಊಟದ ದೃಶ್ಯ ಇದ್ದರೆ ಅದನ್ನೂ ಕೇಳಿ. ಕೊಡವ ಮದುವೆಯ ಊಟ ಅಂದರೆ ಹಂದಿಮಾಂಸದ ಪಂದಿಕರಿ, ಅಕ್ಕಿಯ ಉಂಡೆ ಕಡಂಬುಟ್ಟು ನೆನಪಾಗಬೇಕು. ಜಾಹೀರಾತು ಕೊಡುವವರಿಗೆ ಮಾಂಸ ತೋರಿಸಲು ಇಷ್ಟ ಇಲ್ಲದಿದ್ದರೆ ಊಟದ ಶಾಟ್ ತೆಗೆದುಬಿಡಿ. ಬಾಳೆಲೆಯ ಮೇಲೆ ಕೋಸಂಬರಿ, ಹೋಳಿಗೆ ಬಡಿಸಿ ‘ಕೊಡವ ಮದುವೆ’ ಅನ್ನಬೇಡಿ.

ಒಂದೇ ಅಚ್ಚಿನ ಮನುಷ್ಯರು

ಜಾಹೀರಾತಿನಲ್ಲಿ ಬರುವ ಕೊಡವ ಗಂಡಸಿಗೆ ದಪ್ಪ ಮೀಸೆ, ಕೈಯಲ್ಲಿ ಕೋವಿ, ಗೋಡೆಯ ಮೇಲೆ ಸೈನ್ಯದ ಫೋಟೋ. ಹೆಂಗಸು ಎತ್ತರ, ಬೆಳ್ಳಗೆ. ಕಲಾವಿದರನ್ನು ಹುಡುಕುವ ಸಂದೇಶದಲ್ಲೇ ‘ಕೂರ್ಗಿ ಲುಕ್, ಫೇರ್’ ಅಂತ ಬರೆಯುವುದನ್ನು ನಾನು ನೋಡಿದ್ದೇನೆ. ಆ ಸಾಲನ್ನು ಅಳಿಸಿ, ಬದಲಿಗೆ ವಯಸ್ಸು ಮತ್ತು ಸಂಬಂಧ ಬರೆಯಿರಿ: ‘ಐವತ್ತೈದರ ತಾಯಿ’, ‘ಹತ್ತೊಂಬತ್ತರ ತಂಗಿ’. ನಮ್ಮ ಚಿತ್ರದಲ್ಲಿ ಮದುಮಗಳ ಅಪ್ಪನನ್ನು ನಿವೃತ್ತ ಕರ್ನಲ್ ಮಾಡಿದ್ದರು. ಮೂವತ್ತು ಸೆಕೆಂಡಿನಲ್ಲಿ ಅವರ ಕೆಲಸ ಏನು ಅನ್ನುವುದು ಬೇಕಾಗಿಯೇ ಇರಲಿಲ್ಲ. ಗೋಡೆಯ ಮೇಲಿನ ಪದಕಗಳನ್ನು ಇಳಿಸಿ, ನಡುಮನೆಯಲ್ಲಿ ತೂಗುವ ದೀಪ ಇಟ್ಟೆವು. ಅದನ್ನು ತೂಕ್‌ಬೊಳ್ಚ ಅನ್ನುತ್ತಾರೆ, ಐನ್‌ಮನೆಯ ನೆಲ್ಲಕ್ಕಿ ನಡುಬಾಡೆ ಅನ್ನುವ ನಡುಮನೆಯಲ್ಲಿ ಇರುವಂಥದ್ದು.

ಕೋವಿಯ ಬಗ್ಗೆಯೂ ಒಂದು ಮಾತು. ಕೊಡವರ ಬದುಕಿನಲ್ಲಿ ಕೋವಿಗೆ ಜಾಗ ಇದೆ. ಕೈಲ್‌ಪೋದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಇಟ್ಟು ತೋಕ್‌ಪೂ ಹೂವಿನಿಂದ ಸಿಂಗರಿಸಿ ಪೂಜೆ ಮಾಡುತ್ತಾರೆ. ಹಾಗಾಗಿ ಕೋವಿ ತೋರಿಸುವುದೇ ತಪ್ಪು ಅಂತಲ್ಲ. ಕೈಲ್‌ಪೋದ್ ಕಥೆಯಲ್ಲಿ ಅದು ಪೂಜೆಯ ಜಾಗದಲ್ಲಿರಲಿ. ಸೋಪಿನ ಜಾಹೀರಾತಿನಲ್ಲಿ ಅಜ್ಜನ ಹೆಗಲ ಮೇಲೆ ಬೇಡ.

ಕಾಫಿ ಜಾಹೀರಾತುಗಳಲ್ಲಿ ಇನ್ನೊಂದು ಚಿತ್ರ ಮತ್ತೆ ಮತ್ತೆ ಬರುತ್ತದೆ. ರೇಷ್ಮೆ ಸೀರೆ, ಕೊರಳಲ್ಲಿ ಜೋಮಾಲೆ, ಬೆತ್ತದ ಬುಟ್ಟಿ, ಕೈಯಲ್ಲಿ ಕೆಂಪು ಕಾಫಿಹಣ್ಣು, ಹಿನ್ನೆಲೆಯಲ್ಲಿ ಗಿಡ ತುಂಬ ಬಿಳಿ ಹೂ. ಮದುವೆ ಒಡವೆ ಹಾಕಿಕೊಂಡು ಯಾರೂ ಕಾಫಿ ಕೊಯ್ಯುವುದಿಲ್ಲ. ಕೊಯ್ಯುವ ಕಾರ್ಮಿಕರ ಉಡುಗೆ ಬೇರೆ, ತೋಳು ಮುಚ್ಚುವ ಹಳೆಯ ಶರ್ಟ್, ತಲೆಗೆ ಬಟ್ಟೆ. ಹೂವೂ ಹಣ್ಣೂ ಒಂದೇ ಚಿತ್ರದಲ್ಲಿ ತುಂಬುವುದೂ ಸರಿಯಲ್ಲ. ಹಣ್ಣು ಕೊಯ್ಯುವುದು ಚಳಿಗಾಲದಲ್ಲಿ, ಹೂ ಬಿಡುವುದು ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ.

ಎಡಿಟಿಂಗ್ ಮತ್ತು ಬೋರ್ಡ್

ಎಲ್ಲ ಸರಿಯಾಗಿ ತೆಗೆದ ಮೇಲೂ ಒಂದು ಗಂಡಾಂತರ ಉಳಿದಿರುತ್ತದೆ. ಅದು ಡಿಸೈನ್ ಮಾಡುವ ಟೇಬಲ್‌ನಲ್ಲಿ ಆಗುವಂಥದ್ದು. ಬೋರ್ಡಿನಲ್ಲಿ ಅಕ್ಷರಕ್ಕೆ ಎಡಗಡೆ ಜಾಗ ಬೇಕು ಅಂತ ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿಬಿಡುತ್ತಾರೆ. ಒಂದೇ ಕ್ಲಿಕ್. ಬೇರೆ ಎಷ್ಟೋ ಚಿತ್ರಗಳಲ್ಲಿ ಅದು ಗೊತ್ತಾಗುವುದೇ ಇಲ್ಲ. ಇಲ್ಲಿ ಬಲ ಭುಜದ ಸೆರಗು ಎಡಕ್ಕೆ ಹೋಗುತ್ತದೆ. ಅಕ್ಕಿ ಹಾಕುವ, ಹಾಲು ಕುಡಿಸುವ ಕೈ ಎಡಗೈ ಆಗುತ್ತದೆ. ಕುಪ್ಯದ ಮುಚ್ಚು ಮತ್ತೊಂದು ಬದಿಗೆ ಬರುತ್ತದೆ.

ನಮ್ಮ ಎರಡನೇ ಜಾಹೀರಾತಿನಲ್ಲಿ ಹೀಗೇ ಆಗಿತ್ತು. ಪ್ರಿಂಟಿಗೆ ಹೋಗುವ ಹಿಂದಿನ ಸಂಜೆ ಹಿರಿಯರಿಗೆ ಫೋನಿನಲ್ಲಿ ಬೋರ್ಡಿನ ಚಿತ್ರ ಕಳಿಸಿದೆ. ಐದು ನಿಮಿಷಕ್ಕೆ ವಾಪಸ್ ಕರೆ ಬಂತು. ‘ನಾನು ಬಲಗಡೆ ಪಿನ್ ಹಾಕಿದ್ದೆನಲ್ಲ, ಇದು ಎಡಕ್ಕೆ ಹೇಗೆ ಹೋಯಿತು?’ ಅಂದರು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಡಿಸೈನ್ ಮಾಡಿದ ಹುಡುಗನಿಗೆ ಹೇಳಿದಾಗ ಆತನೂ ಗಾಬರಿಯಾದ. ಚಿತ್ರ ಮತ್ತೆ ತಿರುಗಿತು, ಅಕ್ಷರಗಳು ಬಲಗಡೆಗೆ ಸರಿದವು.

ಆಮೇಲಿಂದ ನಾನು ಪ್ರತಿ ಕೆಲಸದ ಫೋಟೋ ಫೋಲ್ಡರಿನ ಹೆಸರಿನಲ್ಲೇ ‘ತಿರುಗಿಸಬೇಡಿ, ಸೆರಗು ಬಲಕ್ಕೆ’ ಅಂತ ಬರೆದು ಕಳಿಸುತ್ತೇನೆ. ಜೊತೆಗೆ ಉಡುಪು ಹಾಕಿದ ದಿನ ಮುಂದೆ, ಹಿಂದೆ, ಎರಡು ಪಕ್ಕ, ಹೀಗೆ ನಾಲ್ಕು ಫೋಟೋ ತೆಗೆದು, ಹಿರಿಯರಿಗೆ ತೋರಿಸಿ ಒಪ್ಪಿಸಿ, ಅದೇ ಫೋಲ್ಡರಿನಲ್ಲಿ ಮೊದಲಿಗೇ ಇಡುತ್ತೇನೆ. ಬೋರ್ಡು, ಪತ್ರಿಕೆ, ಫೋನಿನ ಸಣ್ಣ ಜಾಹೀರಾತು, ಬಸ್ಸಿನ ಹಿಂಭಾಗ, ಎಲ್ಲದಕ್ಕೂ ಚಿತ್ರವನ್ನು ಬೇರೆ ಬೇರೆಯಾಗಿ ಕತ್ತರಿಸುತ್ತಾರಲ್ಲ, ಪ್ರತಿಯೊಂದನ್ನೂ ಆ ನಾಲ್ಕು ಫೋಟೋದ ಪಕ್ಕ ಇಟ್ಟು ನೋಡಿದ ಮೇಲೆಯೇ ಸಹಿ ಹಾಕುತ್ತೇನೆ.